ಅವಳ ವಾದದ ಪಕ್ಕದಲ್ಲಿ ಪೆನ್ಸಿಲ್ಲಿನಲ್ಲಿ ಬರೆದ ಮೂರು ಪ್ರಶ್ನೆಗಳು

ಮೊದಲು ಒಂದು ಮಾತು ಕೇಳುತ್ತೇನೆ, ನಿಜ ಹೇಳಿ. ನೀವೇ ಕಲಿಸಿದ ಪಾಠವನ್ನು ಹಿಡಿದುಕೊಂಡು ಒಂದು ಮಗು ನಿಮ್ಮನ್ನೇ ಅಡ್ಡಗಟ್ಟಿದ್ದುಂಟಾ? ತರಲೆಗಲ್ಲ. ನಿಜವಾಗಿಯೂ ಉತ್ತರ ಬೇಕಾಗಿ ಕೇಳಿ, ನಿಮ್ಮ ಮುಖವನ್ನೇ ನೋಡುತ್ತಾ ನಿಂತಿದ್ದುಂಟಾ?

ನನಗೆ ಹೋದ ಚಳಿಗಾಲದಲ್ಲಿ ಹಾಗಾಯಿತು. ನನ್ನ ಪೋಸ್ಟುಗಳನ್ನು ಓದುವವರಿಗೆ ನಾನು ಆಟೋ ಭಯ್ಯಾಗಳ ಜಗಳ, ನಮ್ಮ ಸೊಸೈಟಿಯ ಲಿಫ್ಟಿನ ಪುರಾಣ ಬರೆಯುವವಳು ಎಂದು ಗೊತ್ತು. ಇವತ್ತು ನಗಿಸುವುದಕ್ಕೆ ಏನೂ ಇಲ್ಲ. ನಗು ಬೇಕಾದವರು ಹಳೆಯ ಪೋಸ್ಟಿಗೆ ಹೋಗಿ.

ನಾನು ದಿಲ್ಲಿಯ ದ್ವಾರಕಾದ ಒಂದು ಖಾಸಗಿ ಶಾಲೆಯಲ್ಲಿ ಎಂಟನೇ ಕ್ಲಾಸಿಗೆ ವಿಜ್ಞಾನ ಹೇಳಿಕೊಡುತ್ತೇನೆ. ಗಂಡನಿಗೆ ಸರ್ಕಾರಿ ಕೆಲಸ ಅಂತ ಬಂದವಳು, ಇಲ್ಲಿಯೇ ಬೇರು ಬಿಟ್ಟೆ. ಮಕ್ಕಳಿಗೆ ನಾವು ಈಗ ಬರೀ ಉತ್ತರ ಬರೆಸುವುದಿಲ್ಲ, ವಾದ ಬರೆಸುತ್ತೇವೆ. ಅದಕ್ಕೆ ಮೂರು ಭಾಗ. ಹೇಳಿಕೆ, ಕ್ಲಾಸಿನಲ್ಲಿ ನಾವು 'ಕ್ಲೇಮ್' ಎನ್ನುವುದು, ಅಂದರೆ ಪ್ರಶ್ನೆಗೆ ನಿನ್ನ ಉತ್ತರ, ನೇರವಾಗಿ. ಪುರಾವೆ ಅಂದರೆ ನೀನು ಅಳೆದದ್ದು, ನೋಡಿದ್ದು. ತರ್ಕ ಅಂದರೆ ಆ ಪುರಾವೆ ಈ ಹೇಳಿಕೆಗೆ ಯಾಕೆ ಆಧಾರವಾಗುತ್ತದೆ ಎಂದು, ನಮಗೆ ಗೊತ್ತಿರುವ ವಿಜ್ಞಾನವನ್ನು ಹಿಡಿದು ಬಿಡಿಸಿ ಹೇಳುವುದು. ಮೊದಲೆರಡನ್ನು ಮಕ್ಕಳು ಹೇಗೋ ಬರೆಯುತ್ತವೆ. ಮೂರನೆಯದರಲ್ಲಿ ಮುಕ್ಕಾಲು ಪಾಲು ಮಕ್ಕಳು ಹೇಳಿಕೆಯನ್ನೇ ಇನ್ನೊಂದು ಸಲ ಬರೆದು, ಹಿಂದೆ 'ಆದ್ದರಿಂದ' ಅಂತ ಒಂದು ಬಾಲ ಅಂಟಿಸುತ್ತವೆ.

ಮೊದಲ ಸಲ ಬರೆದು ತಂದದ್ದಕ್ಕೆ ನಾನು ಅಂಕ ಕೊಡುವುದಿಲ್ಲ. ಪೆನ್ಸಿಲ್ಲಿನಲ್ಲಿ ಒಂದೊಂದು ಭಾಗದ ಪಕ್ಕ ಒಂದೊಂದು ಪ್ರಶ್ನೆ ಬರೆಯುತ್ತೇನೆ. ಉತ್ತರ ಬರೆಯುವುದಿಲ್ಲ. ಅಂಕ ಕಂಡ ತಕ್ಷಣ ಮಕ್ಕಳು ಪಕ್ಕದವರ ಅಂಕ ನೋಡುತ್ತವೆ, ಟಿಪ್ಪಣಿ ಓದುವುದಿಲ್ಲ. ಸ್ಟಾಫ್ ರೂಮಿನಲ್ಲಿ ನನ್ನ ಪಕ್ಕ ಕೂರುವ ಪಂಜಾಬಿ ಟೀಚರಿಗೆ ಇದೊಂದು ದೊಡ್ಡ ತಮಾಷೆ.

"ಅರೇ ಯಾರ್, ನೀನು ಟೀಚರಾ, ಪೊಲೀಸಾ? ಎಷ್ಟು ಪ್ರಶ್ನೆ ಕೇಳ್ತೀಯ?" ಎಂದು ಹಿಂದಿಯಲ್ಲಿ ಕಾಲೆಳೆಯುತ್ತಾಳೆ.

"ನೀನು ಬ್ಯಾಂಕಾ, ಕೇಳಿದವರಿಗೆಲ್ಲ ಅಂಕ ಹಂಚೋಕೆ?" ಎಂದು ನಾನು.

ಆ ಸಲದ ಪ್ರಶ್ನೆ ಇದು: ಚಳಿಗಾಲದ ಬೆಳಿಗ್ಗೆ ಕಿಟಕಿ ತೆಗೆದರೆ ಮನೆಯೊಳಗಿನ ಗಾಳಿಗೆ ಏನಾಗುತ್ತದೆ? ದಿಲ್ಲಿಯವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಊರಿನಲ್ಲಿರುವವರಿಗೆ ಹೇಳುತ್ತೇನೆ, ದೀಪಾವಳಿ ಹತ್ತಿರ ಬಂತು ಅಂದರೆ ಇಲ್ಲಿ ಗಾಳಿ ಕಣ್ಣಿಗೇ ಕಾಣುತ್ತದೆ. ಎದುರಿನ ಟವರ್ ಬೂದು ಬಟ್ಟೆ ಹೊದ್ದ ಹಾಗೆ ಇರುತ್ತದೆ. ಗಾಳಿಯಲ್ಲಿರುವ ಸಣ್ಣ ಧೂಳನ್ನು ಅಳೆಯುವ, ಅಂಗೈಯಷ್ಟು ಅಗಲದ ಮೀಟರುಗಳು ಶಾಲೆಯಲ್ಲಿದ್ದವು. ಸರದಿಯ ಮೇಲೆ ಮಕ್ಕಳು ಶನಿವಾರ ಭಾನುವಾರಕ್ಕೆ ಮನೆಗೆ ಒಯ್ದು ಅಳೆದು ಬರೆಯಬೇಕು.

ಆ ಕ್ಲಾಸಿನಲ್ಲಿ ಒಬ್ಬಳು ಕನ್ನಡದ ಹುಡುಗಿ. ಅಪ್ಪ ಯಾವುದೋ ಮಂತ್ರಾಲಯದಲ್ಲಿ ಗುಮಾಸ್ತರು. ಅವಳು ಹುಟ್ಟಿದ್ದೇ ಇಲ್ಲಿ. ಕನ್ನಡ ಪೂರ್ತಿ ಅರ್ಥವಾಗುತ್ತದೆ, ಮಾತಾಡಲು ಹೋದರೆ ಅರ್ಧ ದಾರಿಯಲ್ಲಿ ಹಿಂದಿ ಬಂದು ಕೂರುತ್ತದೆ. ಕ್ಲಾಸಿನಲ್ಲಿ ನಾವಿಬ್ಬರೂ ಕನ್ನಡ ಆಡುವುದಿಲ್ಲ, ಉಳಿದವರಿಗೆ ಗುಟ್ಟು ಅನ್ನಿಸಬಾರದು ಅಂತ. ಅವಳ ಅಜ್ಜಿ, ಅಂದರೆ ಅಪ್ಪನ ತಾಯಿ, ಅವರ ಜೊತೆಯಲ್ಲಿದ್ದರು. ದೀಪಾವಳಿ ಆದ ಮೇಲೆ ಆಸ್ಪತ್ರೆ ಸೇರಿ ತೀರಿಕೊಂಡಿದ್ದರು. ಅಷ್ಟು ನನಗೆ ಗೊತ್ತಿತ್ತು. ಹುಡುಗಿ ಕೆಲವು ದಿನ ರಜೆ ಹಾಕಿ ಬಂದಳು, ಮೊದಲಿನ ಹಾಗೆಯೇ ಮುಂದಿನ ಬೆಂಚಿನಲ್ಲಿ ಕೂತಳು, ಹೋಂವರ್ಕ್ ತಪ್ಪಿಸಲಿಲ್ಲ. ಅತ್ತದ್ದನ್ನು ಯಾರೂ ನೋಡಲಿಲ್ಲ. ಗಟ್ಟಿ ಹುಡುಗಿ ಎಂದರು ಎಲ್ಲರೂ.

ಅವಳು ಬರೆದು ತಂದ ವಾದವನ್ನು ಪಂಜಾಬಿ ಟೀಚರು ನನಗಿಂತ ಮೊದಲು ಎತ್ತಿಕೊಂಡು ನೋಡಿದಳು.

"ವಾಹ್! ಮೂರೂ ಭಾಗದ ಡಬ್ಬಿ ತುಂಬಿದಾಳೆ. ಟೇಬಲ್ ನೋಡು, ಗೆರೆ ನೋಡು. ಪೂರಾ ಅಂಕ ಕೊಟ್ಟುಬಿಡು, ಚಹಾ ಕುಡಿಯೋಣ."

ಡಬ್ಬಿ ತುಂಬಿತ್ತು, ಸುಳ್ಳಲ್ಲ. ಹೇಳಿಕೆಯ ಜಾಗದಲ್ಲಿ, 'ಚಳಿಗಾಲದಲ್ಲಿ ಕಿಟಕಿ ತೆಗೆದರೆ ಒಳಗಿನ ಗಾಳಿ ವಿಷವಾಗುತ್ತದೆ, ಮನುಷ್ಯರು ಸಾಯುತ್ತಾರೆ' ಎಂದು ಬರೆದಿದ್ದಳು. ಪುರಾವೆಯಲ್ಲಿ ಎರಡು ಬೆಳಗಿನ ಅಳತೆ, ಕಿಟಕಿ ಮುಚ್ಚಿದ್ದಾಗ ಕಡಿಮೆ, ತೆಗೆದಾಗ ಜಾಸ್ತಿ. ತರ್ಕದಲ್ಲಿ, 'ಸಣ್ಣ ಧೂಳು ಶ್ವಾಸಕೋಶದ ಆಳಕ್ಕೆ ಹೋಗುತ್ತದೆ. ಆದ್ದರಿಂದ ಕಿಟಕಿ ತೆಗೆದವರೇ ಜವಾಬ್ದಾರರು.'

ಜವಾಬ್ದಾರರು. ಹದಿಮೂರು ವರ್ಷದ ಮಗು ಗಾಳಿಯ ಬಗ್ಗೆ ಬರೆಯುವಾಗ ಆ ಪದ ಎಲ್ಲಿಂದ ತಂದಿತು ಅಂತ ನನಗೆ ಚುಚ್ಚಿತು. ಆದರೂ ಎಲ್ಲರಿಗೆ ಬರೆಯುವ ಹಾಗೇ ಬರೆದೆ. ಹೇಳಿಕೆಯ ಪಕ್ಕ: 'ನಮ್ಮ ಪ್ರಶ್ನೆ ಗಾಳಿಯ ಬಗ್ಗೆ ಇತ್ತು. ಸಾವಿನ ಮಾತು ಎಲ್ಲಿಂದ ಬಂತು?' ಪುರಾವೆಯ ಪಕ್ಕ: 'ನೀನು ಅಳೆದದ್ದೆಲ್ಲ ಇಲ್ಲಿದೆಯಾ? ನಿನ್ನ ಹೇಳಿಕೆಗೆ ವಿರುದ್ಧ ಹೋಗುವುದು ಏನಾದರೂ ಸಿಕ್ಕಿತ್ತಾ?' ತರ್ಕದ ಪಕ್ಕ: 'ಧೂಳು ಒಳಗೆ ಹೋಗುತ್ತದೆ ಎನ್ನುವಲ್ಲಿಂದ ಜವಾಬ್ದಾರರು ಎನ್ನುವವರೆಗೆ ನಡುವೆ ಏನೇನು ಗೊತ್ತಿರಬೇಕು?'

ಮಾರನೆಯ ದಿನ ಊಟದ ಬಿಡುವಿನಲ್ಲಿ ಅವಳು ಲ್ಯಾಬಿಗೆ ಬಂದಳು. ನಾನೊಬ್ಬಳೇ ಬೀಕರುಗಳನ್ನು ಜೋಡಿಸುತ್ತಿದ್ದೆ. ಅವಳ ಟಿಫಿನ್ ಡಬ್ಬಿ ಕೈಯಲ್ಲೇ ಇತ್ತು, ತೆಗೆದಿರಲಿಲ್ಲ.

"ಮ್ಯಾಮ್, ಕನ್ನಡದಲ್ಲಿ ಮಾತಾಡ್ಲಾ?"

"ಆಡು ಪುಟ್ಟಾ."

"ನೀವು ಕೇಳಿದೀರಲ್ಲ, ಸಾವು ಎಲ್ಲಿಂದ ಬಂತು ಅಂತ. ನಮ್ಮನೆಯಿಂದ ಬಂತು. ಖಿಡ್ಕಿ ನಾನೇ ತೆಗ್ದಿದ್ದು."

ಬೀಕರು ಕೆಳಗಿಟ್ಟೆ. ಅವಳು ನಿಂತೇ ಹೇಳಿದಳು, ಪಾಠ ಒಪ್ಪಿಸುವ ಹಾಗೆ. ಅಜ್ಜಿಗೆ ಮುಚ್ಚಿದ ರೂಮು ಆಗುತ್ತಿರಲಿಲ್ಲ. ಅಮ್ಮ ಹೊಗೆ ಬರುತ್ತದೆ ಅಂತ ಮುಚ್ಚುವುದು, ಅಜ್ಜಿ ಉಸಿರು ಕಟ್ಟುತ್ತದೆ ಅಂತ ತೆಗೆಯುವುದು, ಇದೇ ದಿನಾ ನಡೆಯುತ್ತಿತ್ತು. ಆ ದಿನ ಬೆಳಿಗ್ಗೆ ಅಜ್ಜಿ, "ಲೇ ಮರಿ, ನಿಮ್ಮಮ್ಮ ಸ್ನಾನಕ್ಕೆ ಹೋದ್ಲು, ಒಂಚೂರು ಕಿಟಕಿ ತೆಗಿಯೇ" ಎಂದಿದ್ದರು. ಇವಳು ತೆಗೆದಳು. ಇಬ್ಬರೂ ಅಮ್ಮನಿಗೆ ಗೊತ್ತಾಗದ ಹಾಗೆ ನಕ್ಕರು. ಸಂಜೆ ಅಜ್ಜಿಗೆ ಉಬ್ಬಸ ಹತ್ತಿತು. ಆಂಬುಲೆನ್ಸ್ ಬರುವವರೆಗೆ ಅಪ್ಪ ಮನೆ ತುಂಬ ಓಡಾಡುತ್ತಾ, "ಯಾರ್ರೀ ಕಿಟಕಿ ತೆಗೆದಿದ್ದು? ಸಾಯ್ಸೋಕೆ ತೆಗೆದ್ರಾ?" ಎಂದು ಕೂಗಿದರು. ಇವಳು ಬಾಯಿ ಬಿಡಲಿಲ್ಲ. ಅಜ್ಜಿ ಮನೆಗೆ ವಾಪಸು ಬರಲಿಲ್ಲ.

"ಅದಕ್ಕೇ ಮೀಟರ್ ನಾನು ಮೊದಲು ಕೇಳಿ ತಗೊಂಡೆ ಮ್ಯಾಮ್. ನನಗೆ ಪಕ್ಕಾ ತಿಳ್ಕೋಬೇಕಿತ್ತು. ತಿಳೀತು."

ನೀವಾದರೆ ಏನು ಹೇಳುತ್ತಿದ್ದಿರಿ? ಎಲ್ಲರೂ ಹೇಳುವುದನ್ನೇ ನಾನೂ ಹೇಳಿದೆ. ಅವಳ ಎರಡೂ ಭುಜ ಹಿಡಿದುಕೊಂಡು, "ಇಲ್ಲ ಪುಟ್ಟಾ. ಅದು ನಿನ್ನಿಂದ ಆಗಿದ್ದಲ್ಲ" ಎಂದೆ.

ಅವಳು ತಲೆ ಎತ್ತಿ ನೋಡಿದಳು. ಎದುರುತ್ತರದ ದನಿ ಅಲ್ಲವೇ ಅಲ್ಲ. ಆಸೆಯಿಂದ ಕೇಳಿದಳು.

"ಯೇ ತೋ ನಿಮ್ಮ ಕ್ಲೇಮ್, ಮ್ಯಾಮ್. ಪುರಾವೆ ಏನು?"

ಇಷ್ಟು ವರ್ಷ ಪಾಠ ಮಾಡಿದ್ದೇನೆ, ಇಷ್ಟು ಜನರ ಹತ್ತಿರ ಬಾಯಿ ಮಾಡಿದ್ದೇನೆ. ಆ ಮಗು ಕೇಳಿದ್ದು ಮಾತ್ರ ನಾನೇ ಕಲಿಸಿದ ಪ್ರಶ್ನೆ. ಹೊರಗೆ ಮೈದಾನದಲ್ಲಿ ಕಬಡ್ಡಿಯ ಗಲಾಟೆ. ಏನಾದರೂ ಒಂದು ಕಟ್ಟಿ ಹೇಳಬಹುದಿತ್ತು. ಹೇಳಿದ್ದರೆ ಅವಳು ತಲೆಯಾಡಿಸಿ ಹೋಗುತ್ತಿದ್ದಳು, ನಂಬುತ್ತಿರಲಿಲ್ಲ. ದೊಡ್ಡವರು ಸಮಾಧಾನಕ್ಕೆ ಏನು ಬೇಕಾದರೂ ಹೇಳುತ್ತಾರೆ ಅಂತ ಈ ವಯಸ್ಸಿಗೆ ಮಕ್ಕಳಿಗೆ ಗೊತ್ತಿರುತ್ತದೆ.

"ನನ್ನ ಹತ್ರ ಪುರಾವೆ ಇಲ್ಲ" ಎಂದೆ. "ನಿನ್ನ ಹತ್ರ ಇದೆಯಾ?"

"ಇದೆ. ಮೀಟರ್."

"ಮೀಟರ್ ಯಾವಾಗ ಅಳೀತು?"

"ಹೋದ ವಾರ."

"ಅಜ್ಜಿ ಕಿಟಕಿ ತೆಗೆಸಿದ್ದು?"

"ದಿವಾಲಿ ಆದ್ಮೇಲೆ."

"ಹಾಗಾದ್ರೆ ಮೀಟರ್ ಯಾವ ಗಾಳಿ ನೋಡಿದೆ?"

ಅವಳು ಟಿಫಿನ್ ಡಬ್ಬಿಯ ಕ್ಲಿಪ್ಪನ್ನು ತೆಗೆದಳು, ಹಾಕಿದಳು.

"ಹೋದ ವಾರದ್ದು... ಲೇಕಿನ್ ಮ್ಯಾಮ್, ಆವಾಗ್ಲೂ ಖಿಡ್ಕಿ ತೆಗೆದ್ರೆ ಜಾಸ್ತಿನೇ ಆಗಿರುತ್ತೆ ನಾ?"

"ಆಗಿರಬಹುದು. ಅಷ್ಟನ್ನ ಒಪ್ಪೋಣ. ಗಾಳಿ ಕೆಟ್ಟಿತ್ತು ಅಂತಲೇ ಇಟ್ಕೋ. ಅಲ್ಲಿಂದ ಅಜ್ಜಿ ತೀರಿಕೊಂಡಿದ್ದು ಅದರಿಂದಲೇ ಅನ್ನೋಕೆ ಇನ್ನೇನು ಗೊತ್ತಿರಬೇಕು? ಅಜ್ಜಿ ಎದೆ ಮೊದಲು ಹೇಗಿತ್ತು? ಹಿಂದಿನ ದಿನ ಹೇಗಿದ್ರು? ಬೆಳಿಗ್ಗೆ ಕಿಟಕಿ, ಸಂಜೆ ಉಬ್ಬಸ. ಒಂದಾದ ಮೇಲೆ ಒಂದು ಆಯ್ತು ಅಂದ ಮಾತ್ರಕ್ಕೆ ಅದರಿಂದ ಇದು ಆಯ್ತು ಅಂತ ಬರೆದರೆ ನಾನು ಕ್ಲಾಸಲ್ಲಿ ಬಿಡ್ತೀನಾ?"

"ಬಿಡಲ್ಲ."

"ನಿನ್ನ ವಿಷಯದಲ್ಲೂ ಬಿಡಲ್ಲ. ಚಲೋ, ಇನ್ನೊಂದು ಸಲ ಬರಿ. ಪುರಾವೆ ಎಷ್ಟು ಹೊರುತ್ತೋ ಅಷ್ಟೇ ಹೇಳಿಕೆ ಮಾಡು. ಊಟ ಮಾಡಿ ಹೋಗು."

ಅವಳು ಎರಡು ತುತ್ತು ತಿಂದಳು, ನನ್ನ ಎದುರು ಅಂತ.

ಅಷ್ಟಕ್ಕೆ ಸರಿಹೋಯಿತು ಎಂದುಕೊಂಡಿರಾ? ಎರಡನೆಯ ಸಲ ಬರೆದು ತಂದಾಗ ಮುಖ ಇನ್ನೂ ಸಣ್ಣದಾಗಿತ್ತು. ನಾನು ಪುರಾವೆಯ ಪಕ್ಕ ಬರೆದ ಪ್ರಶ್ನೆಗೆ ಪ್ರಾಮಾಣಿಕವಾಗಿ ಉತ್ತರ ಹುಡುಕಿದ್ದಳು. ಮೊದಲ ಸಲ ಟೇಬಲ್ಲಿಗೆ ಹಾಕದೆ ಬಿಟ್ಟ ಒಂದು ಅಳತೆ ಇತ್ತಂತೆ. ಭಾನುವಾರ ಕಿಟಕಿ ಬಾಗಿಲು ಎಲ್ಲ ಮುಚ್ಚಿದ್ದಾಗ ಅಮ್ಮ ಸಾರಿಗೆ ಒಗ್ಗರಣೆ ಹಾಕಿದ್ದಾರೆ, ಮೀಟರು ಕಿಟಕಿ ತೆಗೆದಾಗಿನದಕ್ಕಿಂತಲೂ ಮೇಲೆ ಹೋಗಿದೆ. ಕಿಟಕಿಗೆ ಸಂಬಂಧ ಇಲ್ಲ ಅಂತ ಬಿಟ್ಟಿದ್ದಳು. ಈಗ ಹಾಕಿದ್ದಳು. ವಿಜ್ಞಾನದ ಟೀಚರಾಗಿ ನಾನು ಚಪ್ಪಾಳೆ ತಟ್ಟಬೇಕಿತ್ತು. ಆದರೆ ಹೇಳಿಕೆ ಹೀಗಿತ್ತು: 'ಮುಚ್ಚಿದ ಮನೆಯಲ್ಲಿ ಅಡುಗೆ ಮಾಡುವುದು ಕಿಟಕಿ ತೆಗೆಯುವುದಕ್ಕಿಂತ ಅಪಾಯ.'

"ಇದು..." ಎಂದೆ.

"ಹಾಂ ಮ್ಯಾಮ್. ನಾನಲ್ಲ. ಅಮ್ಮ." ಹಾಳೆಯನ್ನು ನನ್ನ ಕಡೆ ಸರಿಸಿದಳು. "ಅಮ್ಮಂಗೆ ಹೇಳಿಲ್ಲ. ಅವಳು ಅಡಿಗೆ ಮಾಡುವಾಗ ನಾನು ರೂಮಲ್ಲಿ ಕೂತಿರ್ತೀನಿ. ಅವಳ ಮುಖ ನೋಡೋಕಾಗಲ್ಲ."

ಇದನ್ನು ನಾನು ಎಣಿಸಿರಲಿಲ್ಲ. ಮಗುವಿನ ತಲೆಯ ಮೇಲಿನ ಭಾರ ಇಳಿದಿತ್ತು, ಇಳಿದು ನೇರವಾಗಿ ತಾಯಿಯ ತಲೆಗೆ ಏರಿತ್ತು. ಯಾರೋ ಒಬ್ಬರು ಮಾಡಿರಲೇಬೇಕು ಎನ್ನುವುದು ಮಾತ್ರ ಅವಳಲ್ಲಿ ಅಲುಗಾಡಿರಲಿಲ್ಲ. ಅಪ್ಪನ ಆ ಕೂಗು 'ಯಾರು' ಎಂದೇ ಅಲ್ಲವೇ ಶುರುವಾಗಿದ್ದು?

ಪಕ್ಕ ಕೂರಿಸಿಕೊಂಡೆ. ಪೆನ್ಸಿಲ್ ಅವಳ ಕೈಗೇ ಕೊಟ್ಟೆ.

"ಇದು ನಿಂದಲ್ಲ, ಬೇರೆ ಯಾರೋ ಬರೆದಿದ್ದು ಅಂದ್ಕೋ. ನೀನೇ ಟೀಚರು. ಹೇಳಿಕೆ ಪಕ್ಕ ಏನು ಬರೀತೀಯ?"

ಟೇಬಲ್ಲನ್ನು ಮೇಲಿಂದ ಕೆಳಗೆ ಓದಿ ಬರೆದಳು: 'ಒಂದೇ ಸಲ ಅಳೆದಿದ್ದೀಯಾ?'

"ಸರಿ. ಅದು ಪುರಾವೆ ಸಾಕಾ ಅನ್ನೋ ಪ್ರಶ್ನೆ. ಪುರಾವೆ ಪಕ್ಕ ಹಾಕು. ತರ್ಕಕ್ಕೆ?"

"ಅಡಿಗೆ ಮಾಡಿದ್ರೆ ಧೂಳು ಜಾಸ್ತಿ ಆಗುತ್ತೆ..." ನಿಂತಳು. "ಆದ್ರೆ ಅಮ್ಮ ದಿನಾ ಅಡಿಗೆ ಮಾಡ್ತಾಳೆ. ಅಜ್ಜಿ ದಿನಾ ತಿಂತಿದ್ರು. ಮ್ಯಾಮ್, ಪಟಾಕಿ? ಪಕ್ಕದ ಬ್ಲಾಕ್‌ನೋರು ಹೊಡೆದ್ರಲ್ಲ?"

"ಹುಡುಕ್ತಾ ಹೋದ್ರೆ ಎಲ್ಲರೂ ಸಿಗ್ತಾರೆ ಬೇಟಾ. ಪಟಾಕಿ ಹೊಡೆದೋರು, ಗದ್ದೆಯಲ್ಲಿ ಹುಲ್ಲು ಸುಟ್ಟೋರು, ರಿಂಗ್ ರೋಡಲ್ಲಿ ಕಾರು ಓಡಿಸ್ದೋರು, ನಾನೂ ಸಿಗ್ತೀನಿ. ಮೀಟರು ರೂಮಿನ ಗಾಳಿ ಹೇಳುತ್ತೆ. ಅಜ್ಜಿ ಎದೆಯೊಳಗೆ ಏನಾಯ್ತು ಅಂತ ಹೇಳಲ್ಲ."

"ಹಾಗಾದ್ರೆ ಯಾರು ಅಂತ ಯಾವತ್ತೂ ಗೊತ್ತಾಗಲ್ವಾ?"

"ಈ ಟೇಬಲ್ಲಿಂದ ಗೊತ್ತಾಗಲ್ಲ."

ಅವಳಿಗೆ ಅದು ಇಷ್ಟವಾಗಲಿಲ್ಲ. ತಪ್ಪು ಮಾಡಿದೆ ಅಂದರೆ ಕ್ಷಮೆ ಕೇಳಬಹುದು, ಮಾಡಿಲ್ಲ ಅಂದರೆ ಆಟಕ್ಕೆ ಹೋಗಬಹುದು. ಗೊತ್ತಿಲ್ಲ ಎನ್ನುವುದನ್ನು ಇಟ್ಟುಕೊಂಡು ಏನು ಮಾಡುವುದು? ನನಗೂ ತಿಳಿಯದು. ಅವಳ ಬೆನ್ನು ಸವರಿದೆ, ಅಷ್ಟೇ.

ಮೂರನೆಯ ಸಲ ಅವಳು ಬರೆದ ವಾದ ನನಗೆ ಬಾಯಿಪಾಠ ಇದೆ. ಹೇಳಿಕೆ: 'ನಾನು ಅಳೆದ ದಿನಗಳಲ್ಲಿ ಕಿಟಕಿ ತೆಗೆದಾಗ ನಮ್ಮ ರೂಮಿನಲ್ಲಿ ಸಣ್ಣ ಧೂಳು ಜಾಸ್ತಿಯಾಯಿತು. ಕಿಟಕಿ ಮುಚ್ಚಿ ಒಗ್ಗರಣೆ ಹಾಕಿದಾಗಲೂ ಜಾಸ್ತಿಯಾಯಿತು.' ಪುರಾವೆಯಲ್ಲಿ ಎಲ್ಲ ಅಳತೆಗಳು. ಮೀಟರನ್ನು ಇನ್ನೊಂದು ವಾರ ಕೇಳಿ ಒಯ್ದು, ಅದೇ ಜಾಗದಲ್ಲಿಟ್ಟು ಮತ್ತೆ ಅಳೆದಿದ್ದಳು. ತರ್ಕ: 'ಹೊರಗಿನ ಗಾಳಿಯಲ್ಲಿ ಧೂಳು ಒಳಗಿನದಕ್ಕಿಂತ ಹೆಚ್ಚಿದ್ದರೆ ಗಾಳಿಯ ಜೊತೆ ಅದೂ ಒಳಗೆ ಬರುತ್ತದೆ. ಬಿಸಿ ಎಣ್ಣೆಯ ಹೊಗೆಯಲ್ಲೂ ಸಣ್ಣ ಕಣಗಳಿರುತ್ತವೆ, ಹೊರಗೆ ಹೋಗಲು ದಾರಿ ಇಲ್ಲದಿದ್ದರೆ ಒಳಗೇ ಉಳಿಯುತ್ತವೆ.' ಅದರ ಕೆಳಗೆ ಬೇರೆ ಸಾಲಿನಲ್ಲಿ: 'ಒಬ್ಬರು ಯಾಕೆ ತೀರಿಕೊಂಡರು ಎಂದು ಇದರಿಂದ ಹೇಳಲು ಆಗುವುದಿಲ್ಲ.'

ನಾನು ಬರೆದೆ: ಹೇಳಿಕೆ ಪ್ರಶ್ನೆಗೆ ತಕ್ಕಂತಿದೆ, ಪುರಾವೆಯ ಆಚೆಗೆ ಹೋಗಿಲ್ಲ. ವಿರುದ್ಧದ ಅಳತೆಯನ್ನೂ ಬಿಟ್ಟಿಲ್ಲ. ತರ್ಕ ಎರಡನ್ನೂ ಸೇರಿಸುತ್ತದೆ. ಬರೆದು ಕೊಟ್ಟಾಗ ಅವಳು ಓದಿ, "ಇಷ್ಟೇನಾ ಮ್ಯಾಮ್?" ಎಂದಳು.

"ಇಷ್ಟೇ ಪುಟ್ಟಾ."

ಆ ಮೇಲಿನ ಶನಿವಾರ ಪೇರೆಂಟ್ಸ್ ಮೀಟಿಂಗ್. ಅಪ್ಪ, ಮಗಳು ಬಂದರು. ಸಭ್ಯ ಮನುಷ್ಯ, ಸ್ವೆಟರ್ ಮೇಲೆ ಕೋಟು, ಮಾತು ಮೆತ್ತಗೆ. ಈ ಮನುಷ್ಯನೇ ಕೂಗಿದ್ದು ಎಂದರೆ ನಂಬಲಾಗುವುದಿಲ್ಲ. ನಾನು ಮಗಳನ್ನು ಕೇಳಿದೆ, "ತೋರಿಸ್ಲಾ?" ಅವಳು ಹೂಂ ಎಂದಳು. ವಾದದ ಮೂರೂ ಪ್ರತಿಗಳನ್ನು ಅವರ ಮುಂದಿಟ್ಟೆ.

ಅವರು ಮೊದಲನೆಯದನ್ನು ಓದಿದರು. 'ಜವಾಬ್ದಾರರು' ಎನ್ನುವಲ್ಲಿ ಬೆರಳು ನಿಂತಿತು. ಮಗಳ ಕಡೆ ತಿರುಗಿದರು.

"ನೀನೇನಾ ತೆಗೆದಿದ್ದು?"

"ಹೂಂ. ಅಜ್ಜಿ ಕೇಳಿದ್ರು."

ಅವರು ಉಳಿದ ಎರಡನ್ನೂ ಓದಿದರು. ಕೊನೆಯ ಸಾಲನ್ನು ಇನ್ನೊಂದು ಸಲ ಓದಿದರು. ಆಮೇಲೆ ನನಗೆ ಹೇಳಿದರು, ಮಗಳಿಗಲ್ಲ.

"ಮೇಡಮ್, ನಮ್ಮಮ್ಮಂಗೆ ಎದೇಲಿ ಇನ್‌ಫೆಕ್ಷನ್ ಆಗಿತ್ತು. ಸೇರಿಸಿದ ದಿನವೇ ಡಾಕ್ಟ್ರು ಹೇಳಿದ್ರು, ಇದು ಇವತ್ತಿಂದಲ್ಲ, ಕೆಲವು ದಿನದಿಂದ ಬೆಳೆದಿದೆ ಅಂತ. ಜ್ವರ ಇತ್ತಂತೆ, ಅವರು ಯಾರಿಗೂ ಹೇಳಿರಲಿಲ್ಲ."

ಹುಡುಗಿ ಅಪ್ಪನನ್ನೇ ನೋಡುತ್ತಿದ್ದಳು.

"ಅಪ್ಪಾ, ಇದು ನನಗ್ಯಾಕೆ ಹೇಳಿಲ್ಲ?"

"ಮಕ್ಕಳಿಗೆ ಯಾಕೆ ಇದೆಲ್ಲ ಅಂತ..."

"ಅಮ್ಮಂಗೆ ಗೊತ್ತಿತ್ತಾ?"

"ಗೊತ್ತಿತ್ತು."

"ಯಾರು ತೆಗೆದಿದ್ದು ಅಂತ ಕೂಗಿದ್ದು ಮಾತ್ರ ನನಗೆ ಕೇಳಿಸ್ತು."

ಹಿಂದೆ ಸಾಲಿನಲ್ಲಿ ಕಾಯುತ್ತಿದ್ದ ಯಾರದೋ ಅಮ್ಮ ಗಡಿಯಾರ ನೋಡಿದರು. ಹುಡುಗಿ ನನ್ನ ಕಡೆ ತಿರುಗಿ, "ಮ್ಯಾಮ್, ಇದು ಪುರಾವೆನಾ?" ಎಂದಳು.

"ಹೌದು. ಅಜ್ಜಿ ಬಗ್ಗೆ ನಿನಗೆ ಸಿಕ್ಕಿದ ಮೊದಲನೇ ಪುರಾವೆ" ಎಂದೆ. "ಕಿಟಕಿ ತೆಗೆಯೋ ಮೊದಲೇ ಕಾಯಿಲೆ ಇತ್ತು ಅನ್ನೋದಕ್ಕೆ ಇದು ಸಾಕು. ಗಾಳಿ ಎಷ್ಟು ಸೇರಿಸ್ತು, ಸೇರಿಸ್ಲೇ ಇಲ್ವಾ, ಅದು ಇದ್ರಿಂದಲೂ ಗೊತ್ತಾಗಲ್ಲ."

ತಲೆಯಾಡಿಸಿದಳು. ಆಮೇಲೆ ಅವಳ ಬಾಯಿ ಸೊಟ್ಟಗಾಯಿತು. "ಅಜ್ಜಿಗೆ ಜ್ವರ ಇತ್ತಾ?" ಎಂದಳು. "ನನ್ನ ಪಕ್ಕಾನೇ ಮಲಗ್ತಿದ್ರು. ಜ್ವರ ಇಟ್ಕೊಂಡೇ ನನಗೆ ಜಡೆ ಹಾಕ್ತಿದ್ರಾ?"

ಅಷ್ಟು ದಿನ ಬಾರದ ಅಳು ಆಗ ಬಂತು. ಶಾಲೆಯ ಹಾಲ್, ಸುತ್ತ ಪ್ರೋಗ್ರೆಸ್ ಕಾರ್ಡ್ ಹಿಡಿದ ಜನ, ಯಾವುದೂ ಅವಳಿಗೆ ಕಾಣಲಿಲ್ಲ. ಮೇಜಿಗೆ ಹಣೆ ಹಚ್ಚಿ ಅತ್ತಳು. ಆ ಕಿಟಕಿಯ ಲೆಕ್ಕ ಹಾಕುತ್ತಾ ಹಾಕುತ್ತಾ ಅವಳಿಗೆ ಅಜ್ಜಿಗಾಗಿ ಅಳುವುದಕ್ಕೇ ಬಿಡುವಾಗಿರಲಿಲ್ಲ ಅಂತ ನನಗೆ ಆಗ ಹೊಳೆಯಿತು. ಅವಳ ಅಪ್ಪ ಎದ್ದು ಬಂದು ಅವಳ ಕುರ್ಚಿಯ ಪಕ್ಕ ನೆಲದ ಮೇಲೇ ಕೂತರು, ಕೋಟು ಗೀಟು ನೋಡದೆ. "ನಾನು ನಿನಗೆ ಅಂದಿದ್ದಲ್ಲ ಮಗಾ" ಎಂದರು. ಅವಳು ಮುಖ ಎತ್ತಲಿಲ್ಲ. ಅವರು ಅಲ್ಲಿಂದ ಏಳಲೂ ಇಲ್ಲ. ಸಾಲಿನಲ್ಲಿದ್ದವರನ್ನು ನಾನು ಪಕ್ಕದ ಮೇಜಿಗೆ ಕಳಿಸಿದೆ. ಪಂಜಾಬಿ ಟೀಚರು ಅವರನ್ನೆಲ್ಲ ಕರೆದು ಕೂರಿಸಿಕೊಂಡಳು.

ಈಗ ಅವಳು ಒಂಬತ್ತನೇ ಕ್ಲಾಸು. ಕಾರಿಡಾರಿನಲ್ಲಿ ಸಿಕ್ಕರೆ ನಮಸ್ತೆ ಹೇಳುತ್ತಾಳೆ. ಪೂರ್ತಿ ನಂಬಿದಳಾ, ಅಪ್ಪನ ಮೇಲಿನ ಸಿಟ್ಟು ಹೋಯಿತಾ, ನನಗೆ ಗೊತ್ತಿಲ್ಲ, ಕೇಳಿಯೂ ಇಲ್ಲ.

ನಿಮ್ಮನ್ನು ಒಂದು ಕೇಳಿಕೊಳ್ಳುತ್ತೇನೆ. ಮನೆಯಲ್ಲಿ ಯಾರಾದರೂ ತೀರಿಕೊಂಡಾಗ ಡಾಕ್ಟರು ಏನೆಂದರು ಅಂತ ನಿಮ್ಮ ಮಕ್ಕಳಿಗೆ ಹೇಳಿದ್ದೀರಾ? ಅಥವಾ ನೀವು ಚಿಕ್ಕವರಿದ್ದಾಗ ನಿಮಗೆ ಯಾರೂ ಹೇಳದೆ, ನೀವೇ ಏನೇನೋ ಕಟ್ಟಿಕೊಂಡು ಎಷ್ಟು ವರ್ಷ ನಡೆದಿರಿ? ಕೆಳಗೆ ಬರೆಯಿರಿ. ಉದ್ದವಾದರೂ ಪರವಾಗಿಲ್ಲ, ನಾನು ಎಲ್ಲವನ್ನೂ ಓದುತ್ತೇನೆ.